ಆಟೋ ಡೆಬಿಟ್ ಆದೇಶದ ರದ್ದತಿ ಕೋರಿಕೆ

ತನ್ನ ಖಾತೆಯಿಂದ ಗೊತ್ತಾದ ದಿನಗಳಲ್ಲಿ, ಪ್ರತಿಸಲವೂ ತನ್ನನ್ನು ಕೇಳದೆಯೇ, ಹಣ ತೆಗೆದು ಇನ್ನೊಬ್ಬರಿಗೆ ಸಲ್ಲಿಸಬಹುದೆಂದು ಖಾತೆದಾರನು ಹಿಂದೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಳ್ಳಲು ಬ್ಯಾಂಕಿಗೆ ಬರೆಯುವ ಪತ್ರವೇ ರದ್ದತಿ ಕೋರಿಕೆ. ಸಾಲದ ಕಂತು, ವಿಮೆಯ ಪ್ರೀಮಿಯಂ, ಮ್ಯೂಚುವಲ್ ಫಂಡಿನ ಮಾಸಿಕ ಹೂಡಿಕೆ, ಚಂದಾ ಮೊದಲಾದವು ಇಂತಹ ಅನುಮತಿಯ ಬಲದಿಂದಲೇ ಖಾತೆಯಿಂದ ಕಡಿತವಾಗುತ್ತವೆ. ನೋಟಕ್ಕೆ ಒಂದೆರಡು ಸಾಲಿನ ಸಾಮಾನ್ಯ ಅರ್ಜಿಯಂತೆ ತೋರಿದರೂ, ಈ ಕೋರಿಕೆಯ ಫಲಾಫಲಗಳು ನಿಲ್ಲುವುದು ಎರಡು ಸಂಗತಿಗಳ ಮೇಲೆ: ಯಾವ ಅನುಮತಿಯನ್ನು ರದ್ದುಪಡಿಸಬೇಕೆಂಬುದು ಸಂದೇಹಕ್ಕೆ ಎಡೆಯಿಲ್ಲದಂತೆ ಗುರುತಿಸಲ್ಪಟ್ಟಿದೆಯೇ ಎಂಬುದು ಒಂದು, ಆ ಅನುಮತಿಯ ದಾಖಲೆ ಯಾರ ವಶದಲ್ಲಿದೆಯೋ ಅವರಿಗೆ ಕೋರಿಕೆ ಸಕಾಲದಲ್ಲಿ ತಲುಪಿದೆಯೇ ಎಂಬುದು ಮತ್ತೊಂದು.

ಅನುಮತಿಯ ಮೂರು ವಿಧಗಳು

ಜನರ ಮಾತಿನಲ್ಲಿ ಎಲ್ಲಕ್ಕೂ ‘ಆಟೋ ಡೆಬಿಟ್’ ಎಂಬ ಒಂದೇ ಹೆಸರು ಸಲ್ಲುತ್ತಿದ್ದರೂ, ಅದರ ಒಳಗೆ ಮೂರು ಬೇರೆಬೇರೆ ವ್ಯವಸ್ಥೆಗಳಿವೆ. ಮೊದಲನೆಯದು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್, ಅಂದರೆ ಖಾತೆದಾರನು ತನ್ನ ಬ್ಯಾಂಕಿಗೇ ಕೊಟ್ಟ ಸ್ಥಾಯೀ ಆದೇಶ. ಉಳಿತಾಯ ಖಾತೆಯಿಂದ ಅದೇ ಬ್ಯಾಂಕಿನ ಆರ್‌ಡಿ ಖಾತೆಗೆ ತಿಂಗಳಿಗೊಮ್ಮೆ ಹಣ ಹೋಗುವುದು ಈ ಬಗೆಯದು. ಇಲ್ಲಿ ಮೂರನೆಯವರಿಲ್ಲದ ಕಾರಣ ಆದೇಶವನ್ನು ಇಟ್ಟುಕೊಂಡಿರುವ ಶಾಖೆಯೇ ಅದನ್ನು ತೆಗೆದುಹಾಕಬಲ್ಲದು. ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯ ವಾರ್ಷಿಕ 436 ರೂಪಾಯಿ ಮತ್ತು ಸುರಕ್ಷಾ ಬಿಮಾ ಯೋಜನೆಯ 20 ರೂಪಾಯಿ ಸಹ, ಸೇರ್ಪಡೆಯ ಸಮಯದಲ್ಲಿ ಖಾತೆದಾರನು ಕೊಟ್ಟ ಒಪ್ಪಿಗೆಯ ಮೇರೆಗೆ ಬ್ಯಾಂಕೇ ಕಡಿತಮಾಡುವ ಮೊತ್ತಗಳು. ಈ ಯೋಜನೆಗಳ ವರ್ಷವು ಜೂನ್ 1ರಂದು ಮೊದಲಾಗಿ ಮೇ 31ಕ್ಕೆ ಮುಗಿಯುವುದರಿಂದ, ಮುಂದುವರಿಯಲು ಇಚ್ಛೆಯಿಲ್ಲದವರು ಮೇ ತಿಂಗಳಿನ ನವೀಕರಣಕ್ಕೆ ಮೊದಲೇ ಶಾಖೆಗೆ ಬರೆದುಕೊಡುವುದು ಯುಕ್ತ.

ಎರಡನೆಯದು ನ್ಯಾಚ್ ಮ್ಯಾಂಡೇಟ್. ಇಲ್ಲಿ ಖಾತೆದಾರನು ಸಾಲ ಕೊಟ್ಟ ಕಂಪನಿಗೋ ವಿಮಾ ಸಂಸ್ಥೆಗೋ ಸಹಿಮಾಡಿಕೊಟ್ಟ ಅಧಿಕಾರಪತ್ರವು, ಆ ಸಂಸ್ಥೆಯ ಪ್ರಾಯೋಜಕ ಬ್ಯಾಂಕಿನ ಮೂಲಕ ರಾಷ್ಟ್ರೀಯ ಪಾವತಿ ನಿಗಮದ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಖಾತೆದಾರನ ಬ್ಯಾಂಕಿಗೆ ಬಂದು, ಅದರ ಒಪ್ಪಿಗೆ ಪಡೆದು ನೋಂದಣಿಯಾಗುತ್ತದೆ. ಮೂರನೆಯದು ಕಾರ್ಡು ಅಥವಾ ಯುಪಿಐ ಮೇಲಿನ ಇ-ಮ್ಯಾಂಡೇಟ್. ಇದರ ರದ್ದತಿಯನ್ನು ಸಾಮಾನ್ಯವಾಗಿ ಆಯಾ ಆ್ಯಪಿನಲ್ಲಿ ಅಥವಾ ಕಾರ್ಡು ನೀಡಿದ ಬ್ಯಾಂಕಿನ ಜಾಲತಾಣದಲ್ಲಿ ಖಾತೆದಾರನೇ ನೆರವೇರಿಸಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಈ ಮೂರನೆಯ ಬಗೆಯಲ್ಲಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಆ ಒಂದು ಕಡಿತವನ್ನಾಗಲಿ ಇಡೀ ಮ್ಯಾಂಡೇಟನ್ನಾಗಲಿ ನಿರಾಕರಿಸುವ ಅವಕಾಶವೂ ಅದರೊಡನೆ ಇರತಕ್ಕದ್ದು.

ಯಾವ ಬಗೆಯೆಂಬುದನ್ನು ಪಾಸ್‌ಬುಕ್ಕಿನ ಸಾಲೇ ಬಹುಮಟ್ಟಿಗೆ ಹೇಳುತ್ತದೆ. ವಿವರದ ಅಂಕಣದಲ್ಲಿ `ACH` ಅಥವಾ `NACH` ಎಂದಿದ್ದು ಕಂಪನಿಯ ಹೆಸರು ಬಂದಿದ್ದರೆ ಎರಡನೆಯದು. `UPI` ಎಂದಿದ್ದರೆ ಮೂರನೆಯದು. `SI` ಎಂದಿದ್ದರೆ ಸಾಮಾನ್ಯವಾಗಿ ಮೊದಲನೆಯದು. ಶಾಖೆಯ ಮೇಜಿನ ಮೇಲೆ ಲಿಖಿತ ಅರ್ಜಿಯಾಗಿ ಹೆಚ್ಚಾಗಿ ಬರುವುದೂ, ಹೆಚ್ಚಾಗಿ ತೊಡಕಿಗೆ ಸಿಕ್ಕುವುದೂ ನ್ಯಾಚ್ ಮ್ಯಾಂಡೇಟಿನ ರದ್ದತಿಯೇ ಆದುದರಿಂದ ಈ ಲೇಖನದಲ್ಲಿ ಮುಖ್ಯವಾಗಿ ಅದನ್ನೇ ವಿವರಿಸಲಾಗಿದೆ.

ಹಿನ್ನೆಲೆ

ಕಂತಿನ ಸಾಲ ಪಡೆಯುವವನು ಮುಂದಿನ ತಿಂಗಳುಗಳ ದಿನಾಂಕ ಹಾಕಿದ ಚೆಕ್ಕುಗಳ ಕಟ್ಟನ್ನು ಸಾಲದಾತನ ಕೈಗೆ ಕೊಡುವುದು ಹಿಂದಿನ ಪದ್ಧತಿಯಾಗಿದ್ದಿತು. ಸಾಲ ಬೇಗ ತೀರಿದರೆ ಉಳಿದ ಚೆಕ್ಕುಗಳನ್ನು ಕೇಳಿ ಹಿಂಪಡೆದು ಹರಿದುಹಾಕಿದರೆ ವ್ಯವಹಾರ ಮುಗಿಯುತ್ತಿತ್ತು. 1990ರ ದಶಕದಲ್ಲಿ ರಿಸರ್ವ್ ಬ್ಯಾಂಕು ಇಸಿಎಸ್ ಎಂಬ ವಿದ್ಯುನ್ಮಾನ ತೀರುವಳಿಯನ್ನು ಆರಂಭಿಸಿತು. 2013ರಲ್ಲಿ, ಆ ಸೌಲಭ್ಯವಿರುವ ಊರುಗಳಲ್ಲಿ ಕಂತುಗಳಿಗಾಗಿ ಹೊಸದಾಗಿ ಮುಂದಿನ ದಿನಾಂಕದ ಚೆಕ್ಕುಗಳನ್ನು ಪಡೆಯಕೂಡದೆಂದು ಬ್ಯಾಂಕುಗಳಿಗೆ ತಿಳಿಸಿತು. 2008ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಾವತಿ ನಿಗಮವು ರೂಪಿಸಿದ ನ್ಯಾಚ್ ವ್ಯವಸ್ಥೆಯು ಅನಂತರದ ವರ್ಷಗಳಲ್ಲಿ ಇಸಿಎಸ್‌ನ ಸ್ಥಾನವನ್ನು ಪಡೆದುಕೊಂಡಿತು. ಹರಿದುಹಾಕಬಹುದಾದ ಕಾಗದವು ಹೀಗೆ ದಾಖಲೆಯಾಗಿ ಮಾರ್ಪಟ್ಟಿತು. ಸಾಲ ತೀರಿದ ಮೇಲೂ ಆ ದಾಖಲೆಯು, ಯಾರಾದರೂ ಅದನ್ನು ರದ್ದುಮಾಡುವ ತನಕ ಅಥವಾ ಅದರಲ್ಲಿ ನಮೂದಾದ ಕೊನೆಯ ದಿನಾಂಕದ ತನಕ, ಜೀವಂತವಾಗಿಯೇ ಉಳಿಯುತ್ತದೆ.

ಮ್ಯಾಂಡೇಟ್ ನಮೂನೆಯ ಓದು

ರದ್ದತಿಯ ಪತ್ರದಲ್ಲಿ ಬರೆಯಬೇಕಾದುದೆಲ್ಲವೂ ಮೊದಲು ಸಹಿಮಾಡಿದ ಮ್ಯಾಂಡೇಟ್ ನಮೂನೆಯಲ್ಲಿಯೇ ಇರುವುದರಿಂದ ಆ ನಮೂನೆಯನ್ನೊಮ್ಮೆ ಸಮೀಪದಿಂದ ನೋಡುವುದು ಒಳ್ಳೆಯದು. ಅಂಗೈಯಗಲದ ಈ ಚೀಟಿಯ ಮೇಲ್ಭಾಗದಲ್ಲಿ `UMRN` ಎಂಬ ಹೆಸರಿನ ಮುಂದೆ ಚಿಕ್ಕಚಿಕ್ಕ ಚೌಕಗಳ ಸಾಲೊಂದಿದೆ. ಸಹಿಮಾಡುವಾಗ ಇದು ಖಾಲಿಯಾಗಿರುತ್ತದೆ. ನೋಂದಣಿಯ ವೇಳೆಯಲ್ಲಿ ನ್ಯಾಚ್ ವ್ಯವಸ್ಥೆಯು ಕೊಡುವ, ಅಕ್ಷರ ಮತ್ತು ಅಂಕಿಗಳು ಕೂಡಿ 20 ಸ್ಥಾನಗಳ ಉಲ್ಲೇಖಸಂಖ್ಯೆಗೆ ಅದು ಮೀಸಲು. ಪಕ್ಕದಲ್ಲಿ `CREATE`, `MODIFY`, `CANCEL` ಎಂಬ ಮೂರು ಪದಗಳಿವೆ. ಅಂದರೆ ಹೊಸದಾಗಿ ಕೊಡುವುದಕ್ಕೂ ತಿದ್ದುವುದಕ್ಕೂ ರದ್ದುಮಾಡುವುದಕ್ಕೂ ನಮೂನೆ ಒಂದೇ. ಯಾವ ಪದಕ್ಕೆ ಗುರುತು ಬಿದ್ದಿದೆ ಎಂಬುದರಿಂದಲೇ ಅದರ ಉದ್ದೇಶ ನಿರ್ಧಾರವಾಗುತ್ತದೆ.

ಅದರ ಕೆಳಗೆ ಖಾತೆಯ ಸಂಖ್ಯೆ, ಬ್ಯಾಂಕಿನ ಹೆಸರು, ಐಎಫ್‌ಎಸ್‌ಸಿ, ಮೊತ್ತ, ಕಡಿತದ ಆವರ್ತನ, ಅವಧಿ ಇವು ಅನುಕ್ರಮವಾಗಿ ಬರುತ್ತವೆ. ಮೊತ್ತವು ನಿಶ್ಚಿತವೋ ಗರಿಷ್ಠ ಮಿತಿಯೋ ಎಂದು ಗುರುತುಮಾಡುವ ಎಡೆಯೊಂದುಂಟು. ಸಾಲದ ಕಂಪನಿಗಳು ಅನೇಕವೇಳೆ ಗರಿಷ್ಠ ಮಿತಿಯನ್ನೇ ಆರಿಸಿ ಕಂತಿಗಿಂತ ದೊಡ್ಡ ಮೊತ್ತವನ್ನು ಬರೆದಿರುತ್ತವೆ. ಆದಕಾರಣ ಮ್ಯಾಂಡೇಟಿನ ಮೊತ್ತವೂ ಪಾಸ್‌ಬುಕ್ಕಿನಲ್ಲಿ ಕಾಣುವ ಕಂತೂ ಒಂದೇ ಆಗಿರಬೇಕೆಂದಿಲ್ಲ. ಉಲ್ಲೇಖ ಎಂಬ ಎರಡು ಸಾಲುಗಳಲ್ಲಿ ಸಾಲದ ಖಾತೆಸಂಖ್ಯೆಯೋ ಪಾಲಿಸಿಯ ಸಂಖ್ಯೆಯೋ ಇರುತ್ತದೆ. ತೀರ ಕೆಳಗೆ, ಯಾರೂ ಓದದಷ್ಟು ಸಣ್ಣ ಅಕ್ಷರಗಳಲ್ಲಿ, ಈ ಮ್ಯಾಂಡೇಟನ್ನು ರದ್ದುಮಾಡುವ ಅಥವಾ ತಿದ್ದುವ ಅಧಿಕಾರ ತನಗಿದೆಯೆಂದೂ, ಆ ಕೋರಿಕೆಯನ್ನು ಹಣ ಪಡೆಯುವ ಸಂಸ್ಥೆಗಾಗಲಿ ಕಡಿತಕ್ಕೆ ಅನುಮತಿಯಿತ್ತ ಬ್ಯಾಂಕಿಗಾಗಲಿ ತಿಳಿಸಬಹುದೆಂದೂ ಸಹಿಮಾಡುವವನೇ ಹೇಳುವ ಮಾತು ಅಚ್ಚಾಗಿದೆ. ‘ಕಂಪನಿಯಿಂದಲೇ ರದ್ದು ಮಾಡಿಸಿಕೊಂಡು ಬನ್ನಿ’ ಎಂದು ಶಾಖೆಯಲ್ಲಿ ಹೇಳಿಸಿಕೊಂಡವನು ವಿನಯದಿಂದ ಎತ್ತಿತೋರಿಸಬೇಕಾದ ವಾಕ್ಯ ಇದೇ.

ವಿವರಗಳ ಕ್ರಮ

ಅರ್ಜಿಯನ್ನು ಕೈಗೆತ್ತಿಕೊಂಡ ಗುಮಾಸ್ತನು ಯಾವ ಕ್ರಮದಲ್ಲಿ ಹುಡುಕುವನೋ ಅದೇ ಕ್ರಮದಲ್ಲಿ ವಿವರಗಳನ್ನು ಬರೆಯುವುದು ಉಚಿತ. ಅವನು ಮೊದಲು ಖಾತೆಯನ್ನು ತೆರೆಯುತ್ತಾನೆ. ಆದುದರಿಂದ ಖಾತೆದಾರನ ಹೆಸರು ಪಾಸ್‌ಬುಕ್ಕಿನಲ್ಲಿರುವಂತೆಯೇ, ಖಾತೆಯ ಪೂರ್ಣ ಸಂಖ್ಯೆ ಹಾಗೂ ಶಾಖೆ ಮೊದಲು ಬರಬೇಕು. ಅನಂತರ ಆ ಖಾತೆಯ ಮೇಲಿರುವ ಮ್ಯಾಂಡೇಟುಗಳ ಪಟ್ಟಿಯನ್ನು ನೋಡುತ್ತಾನೆ. ಆಗ ಬೇಕಾಗುವುದು ಯುಎಂಆರ್‌ಎನ್. ಒಂದೇ ಕಂಪನಿಯ ಹೆಸರಿನಲ್ಲಿ ಎರಡು ಮ್ಯಾಂಡೇಟುಗಳಿದ್ದಲ್ಲಿ ಅವೆರಡನ್ನೂ ಬೇರ್ಪಡಿಸಬಲ್ಲ ಗುರುತು ಇದೊಂದೇ ಆಗಿರುತ್ತದೆ. ಮೂರನೆಯದಾಗಿ ಹಣ ಪಡೆಯುವ ಸಂಸ್ಥೆಯ ಹೆಸರನ್ನೂ ಸಾಲ ಅಥವಾ ಪಾಲಿಸಿಯ ಸಂಖ್ಯೆಯನ್ನೂ ಬರೆದರೆ, ತೆರೆಯ ಮೇಲೆ ಕಂಡ ದಾಖಲೆ ಇದೇ ಎಂಬುದು ಅವನಿಗೆ ಖಚಿತವಾಗುತ್ತದೆ. ನಾಲ್ಕನೆಯದು ಮೊತ್ತ, ಆವರ್ತನ, ಕೊನೆಯ ಕಡಿತದ ದಿನಾಂಕ ಮತ್ತು ಮುಂದಿನ ಕಡಿತದ ನಿರೀಕ್ಷಿತ ದಿನಾಂಕ. ಕೆಲಸವೆಷ್ಟು ತುರ್ತೆಂಬುದನ್ನು ತಿಳಿಸುವುದು ಈ ನಿರೀಕ್ಷಿತ ದಿನಾಂಕ. ಆಮೇಲೆ ಕೋರಿಕೆ, ಕಟ್ಟಕಡೆಗೆ ಬ್ಯಾಂಕಿನಲ್ಲಿರುವ ಮಾದರಿಯಂತೆಯೇ ಸಹಿ. ಜಂಟಿ ಖಾತೆಯಾದರೆ ವ್ಯವಹಾರದ ನಿಬಂಧನೆಯಲ್ಲಿ ಯಾರುಯಾರು ಸಹಿಮಾಡಬೇಕೆಂದಿದೆಯೋ ಅವರೆಲ್ಲರೂ ಸಹಿಮಾಡತಕ್ಕದ್ದು.

ಯುಎಂಆರ್‌ಎನ್ ತಿಳಿಯದಿದ್ದಲ್ಲಿ ಅದನ್ನು ಬ್ಯಾಂಕಿನ ನೆಟ್‌ಬ್ಯಾಂಕಿಂಗ್‌ನಲ್ಲಿರುವ ಮ್ಯಾಂಡೇಟುಗಳ ಪಟ್ಟಿಯಲ್ಲಿ, ನೋಂದಣಿಯ ಸಮಯದಲ್ಲಿ ಬಂದಿದ್ದ ಎಸ್‌ಎಂಎಸ್‌ನಲ್ಲಿ, ಅಥವಾ ಕಂಪನಿಯ ಗ್ರಾಹಕ ವಿಭಾಗವನ್ನು ಕೇಳಿ ಪಡೆಯಬಹುದು. ಇವಾವುವೂ ಫಲಿಸದಾಗ, ಕೊನೆಯ ಕಡಿತದ ಪಾಸ್‌ಬುಕ್ ಸಾಲನ್ನು ದಿನಾಂಕ ಮೊತ್ತಗಳ ಸಮೇತ ಇದ್ದಂತೆಯೇ ನಕಲುಮಾಡಿ ಬರೆದರೂ ಶಾಖೆಯವರು ಅದರಿಂದ ಹಿಮ್ಮುಖವಾಗಿ ಮ್ಯಾಂಡೇಟನ್ನು ಹುಡುಕಬಲ್ಲರು.

ಕರ್ನಾಟಕದ ಖಾತೆದಾರರು ಗಮನಿಸಬೇಕಾದ ವಿಶೇಷವೊಂದಿದೆ. ಈ ನಾಡಿನಲ್ಲಿ ಹುಟ್ಟಿ ಬೆಳೆದ ಹಲವು ಬ್ಯಾಂಕುಗಳು ಇತ್ತೀಚಿನ ವರ್ಷಗಳಲ್ಲಿ ವಿಲೀನಗೊಂಡಿವೆ: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ. ವಿಲೀನದೊಡನೆ ಐಎಫ್‌ಎಸ್‌ಸಿಗಳೂ ಬದಲಾದುವು. ಉದಾಹರಣೆಗೆ `SYNB` ಎಂದು ಆರಂಭವಾಗುತ್ತಿದ್ದ ಸಿಂಡಿಕೇಟ್ ಬ್ಯಾಂಕಿನ ಸಂಕೇತಗಳ ಸ್ಥಾನದಲ್ಲಿ 2021ರ ಜುಲೈ 1ರಿಂದ `CNRB` ಎಂದು ಆರಂಭವಾಗುವ ಸಂಕೇತಗಳು ಬಂದುವು. ಗೃಹಸಾಲದಂತಹ ದೀರ್ಘಾವಧಿಯ ಮ್ಯಾಂಡೇಟು ವಿಲೀನಕ್ಕೆ ಹಿಂದೆ ಬರೆದುದಾಗಿದ್ದರೆ ಹಳೆಯ ಬ್ಯಾಂಕಿನ ಹೆಸರು ಮತ್ತು ಸಂಕೇತವನ್ನೂ ಹೊಸದರ ಜೊತೆಗೆ ಬರೆಯುವುದು ಲೇಸು.

ಒಂದು ಮಾದರಿ

ಹಾಸನದ ಒಬ್ಬ ಖಾತೆದಾರನು 36 ಕಂತುಗಳ ಕರಾರಿನಲ್ಲಿ ದ್ವಿಚಕ್ರ ವಾಹನಕ್ಕೆ ಫೈನಾನ್ಸ್ ಕಂಪನಿಯೊಂದರಿಂದ ಸಾಲ ಪಡೆದನೆಂದು ಭಾವಿಸೋಣ. ಕಂತು ತಿಂಗಳಿಗೆ 3,400 ರೂಪಾಯಿ; ಮೊದಲ ಕಡಿತ 2022ರ ಅಕ್ಟೋಬರ್ 5ರಂದು. ಮ್ಯಾಂಡೇಟಿನಲ್ಲಿ ಗರಿಷ್ಠ ಮಿತಿ 6,800 ರೂಪಾಯಿ ಎಂದೂ, ಅವಧಿ 2027ರ ಅಕ್ಟೋಬರ್ 5ರ ವರೆಗೆ ಎಂದೂ ಇದೆ. 2025ರ ಜೂನ್ 5ರಂದು 33ನೆಯ ಕಂತು ಸಂದ ಮೇಲೆ, ಉಳಿದ ಮೂರನ್ನೂ ಒಮ್ಮೆಗೇ ಕಟ್ಟಿ, ಜೂನ್ 18ರಂದು ಕಂಪನಿಯಿಂದ ಬಾಕಿಯಿಲ್ಲವೆಂಬ ಎನ್‌ಒಸಿಯನ್ನು ಅವನು ಪಡೆಯುತ್ತಾನೆ. ಸಾಲ ತೀರಿದೆ, ಆದರೆ ಮ್ಯಾಂಡೇಟಿಗೆ ಇನ್ನೂ ಎರಡು ವರ್ಷಕ್ಕೂ ಮಿಕ್ಕ ಆಯುಸ್ಸಿದೆ. ಮುಂದಿನ ಕಡಿತದ ದಿನ ಜುಲೈ 5 ಆದುದರಿಂದ ಜೂನ್ 24ರಂದು ಅವನು ಬರೆಯುವ ಪತ್ರ ಹೀಗಿರಬಹುದು. ಇದರಲ್ಲಿನ ಸಂಖ್ಯೆಗಳು ಕಲ್ಪಿತ.

ದಿನಾಂಕ: 24-06-2025

ಶಾಖಾ ವ್ಯವಸ್ಥಾಪಕರಿಗೆ,
ಹಾಸನ ಶಾಖೆ.

ಮಾನ್ಯರೆ,

ವಿಷಯ: ನ್ಯಾಚ್ ಮ್ಯಾಂಡೇಟಿನ ಶಾಶ್ವತ ರದ್ದತಿ.

1. ಖಾತೆದಾರರ ಹೆಸರು ಮತ್ತು ಉಳಿತಾಯ ಖಾತೆಯ ಸಂಖ್ಯೆ: (ಪಾಸ್‌ಬುಕ್ಕಿನಲ್ಲಿರುವಂತೆ), 000000004821
2. ಯುಎಂಆರ್‌ಎನ್: `ABCD0000000000004471`
3. ಹಣ ಪಡೆಯುವ ಸಂಸ್ಥೆ ಮತ್ತು ಸಾಲದ ಸಂಖ್ಯೆ: (ಮ್ಯಾಂಡೇಟಿನಲ್ಲಿರುವಂತೆ)
4. ಕಂತು: ತಿಂಗಳಿಗೆ ರೂ. 3,400, ಮ್ಯಾಂಡೇಟಿನ ಗರಿಷ್ಠ ಮಿತಿ ರೂ. 6,800
5. ಕೊನೆಯ ಕಡಿತ: 05-06-2025, ಮುಂದಿನ ಕಡಿತದ ನಿರೀಕ್ಷಿತ ದಿನ: 05-07-2025

ಮೇಲ್ಕಂಡ ಸಾಲವು ಪೂರ್ಣವಾಗಿ ತೀರಿರುವುದರಿಂದ ಈ ಮ್ಯಾಂಡೇಟನ್ನು ಇಂದಿನಿಂದಲೇ ಶಾಶ್ವತವಾಗಿ ರದ್ದುಪಡಿಸಿ, ಇನ್ನು ಮುಂದೆ ಇದರ ಆಧಾರದ ಮೇಲೆ ಬರುವ ಯಾವ ಕಡಿತವನ್ನೂ ಅಂಗೀಕರಿಸಬಾರದೆಂದು ಕೋರುತ್ತೇನೆ. ಇದು ಒಂದು ಕಂತನ್ನು ಮಾತ್ರ ತಡೆಯುವ ಕೋರಿಕೆಯಲ್ಲ. ನನ್ನ ಖಾತೆಯಲ್ಲಿನ ಇತರ ಮ್ಯಾಂಡೇಟುಗಳು ಯಥಾಪ್ರಕಾರ ಮುಂದುವರಿಯಲಿ. ರದ್ದತಿ ಜಾರಿಯಾದ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ. ಎನ್‌ಒಸಿಯ ಪ್ರತಿ ಲಗತ್ತಿಸಿದೆ.

ತಮ್ಮ ವಿಶ್ವಾಸಿ,
(ಸಹಿ, ಮೊಬೈಲ್ ಸಂಖ್ಯೆ)

ಈ ಪತ್ರದ ಎರಡು ಪ್ರತಿಗಳನ್ನು ಒಯ್ದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಶಾಖೆಯ ಮೊಹರನ್ನೂ ಸ್ವೀಕರಿಸಿದ ದಿನಾಂಕವನ್ನೂ ಪಡೆಯಬೇಕು. ಅದೇ ದಿನ ಕಂಪನಿಗೂ ಇದರ ಪ್ರತಿಯನ್ನು ಇ-ಮೇಲ್ ಮೂಲಕ ಕಳುಹಿಸುವುದರಿಂದ ಎರಡು ಕಡೆಯಿಂದಲೂ ರದ್ದತಿಗೆ ದಾರಿ ತೆರೆದಂತಾಗುತ್ತದೆ. ಪತ್ರವನ್ನು ಕಡಿತದ ಹಿಂದಿನ ಸಂಜೆಗೆ ಉಳಿಸಿಕೊಳ್ಳಬಾರದು: ಕಂಪನಿಯು ಕಡಿತಗಳ ಪಟ್ಟಿಯನ್ನು ತನ್ನ ಬ್ಯಾಂಕಿಗೆ ಮುಂಚಿತವಾಗಿಯೇ ಒಪ್ಪಿಸಿರುತ್ತದೆ, ಅಲ್ಲದೆ 2021ರ ಆಗಸ್ಟ್ 1ರಿಂದ ನ್ಯಾಚ್ ವ್ಯವಸ್ಥೆಯು ವಾರದ ಏಳೂ ದಿನ ನಡೆಯುವುದರಿಂದ, ಭಾನುವಾರದ ರಜೆಯಲ್ಲಿ ಶಾಖೆಯ ಬಾಗಿಲು ಮುಚ್ಚಿದ್ದರೂ ಕಡಿತ ನಿಲ್ಲುವುದಿಲ್ಲ. ಹತ್ತು ಹನ್ನೆರಡು ದಿನಗಳ ಅಂತರವಿದ್ದರೆ, ಮೊದಲ ಯತ್ನದಲ್ಲಿ ಏನಾದರೂ ಕೊರತೆಯುಂಟಾದರೂ ತಿದ್ದಿಕೊಳ್ಳಲು ಅವಕಾಶ ದೊರೆಯುತ್ತದೆ.

ಸಂಭವಿಸುವ ಲೋಪಗಳು

ರದ್ದತಿಗೆ ಬದಲಾಗಿ ಒಂದು ಕಂತಿನ ತಡೆ ಮಾತ್ರ ದಾಖಲಾಗುವುದು ಲೋಪಗಳಲ್ಲಿ ಮುಖ್ಯವಾದುದು. ‘ಸ್ಟಾಪ್ ಪೇಮೆಂಟ್’ ಎಂದು ಅರ್ಜಿಯಲ್ಲಿ ಬರೆದರೆ ಬರಲಿರುವ ಒಂದು ಕಡಿತ ಹಿಂದಿರುಗಿ, ಮ್ಯಾಂಡೇಟು ಹಾಗೆಯೇ ಉಳಿದು, ಮರುತಿಂಗಳು ಹಣ ಮತ್ತೆ ಹೋಗುವ ಸಂಭವವುಂಟು. ಒಂದು ತಿಂಗಳು ಕಡಿತವಾಗದೆ ಮುಂದಿನ ತಿಂಗಳು ಆಗಿದ್ದಲ್ಲಿ ಈ ಲೋಪವನ್ನು ಶಂಕಿಸಬೇಕು. ನೆಟ್‌ಬ್ಯಾಂಕಿಂಗ್‌ನ ಪಟ್ಟಿಯಲ್ಲಿ ಮ್ಯಾಂಡೇಟಿನ ಸ್ಥಿತಿಯು ಇನ್ನೂ `Active` ಎಂದೇ ಇದೆಯೇ ಎಂದು ನೋಡಿದರೆ ಸಂಶಯ ಪರಿಹಾರವಾಗುತ್ತದೆ.

ಸಾಲದ ಕಾಗದಗಳಿಗೆ ಸಹಿಹಾಕುವ ಭರದಲ್ಲಿ ಒಂದಕ್ಕಿಂತ ಹೆಚ್ಚು ಮ್ಯಾಂಡೇಟ್ ನಮೂನೆಗಳಿಗೆ ಸಹಿಮಾಡಿರುವುದು ಇನ್ನೊಂದು ತೊಡಕು. ಒಂದು ಯುಎಂಆರ್‌ಎನ್ ರದ್ದಾದರೂ ಇನ್ನೊಂದರ ಮೂಲಕ ಕಡಿತ ಬರಬಹುದು. ಹಾಗಾಗಿ, ಮತ್ತೆ ಹಣ ಹೋದಾಗ ಬ್ಯಾಂಕನ್ನು ದೂರುವ ಮೊದಲು, ಹೊಸ ಕಡಿತದ ಯುಎಂಆರ್‌ಎನ್ ರದ್ದಾದುದೇ ಅಥವಾ ಬೇರೆಯದೇ ಎಂಬುದನ್ನು ವಿಚಾರಿಸಬೇಕು. ಬೇರೆಯದಾಗಿದ್ದರೆ ಮೊದಲ ರದ್ದತಿಯಲ್ಲಿ ದೋಷವಿಲ್ಲ. ಎರಡನೆಯದಕ್ಕೆ ಪ್ರತ್ಯೇಕ ಕೋರಿಕೆಯನ್ನೇ ಸಲ್ಲಿಸತಕ್ಕದ್ದು.

ಅರ್ಜಿಯ ಗೊಡವೆಯೇ ಬೇಡವೆಂದು ಖಾತೆಯನ್ನು ಬರಿದುಮಾಡಿಟ್ಟು ಕಡಿತ ತಾನಾಗಿ ನಿಲ್ಲಲೆಂದು ಕಾಯುವವರೂ ಇದ್ದಾರೆ. ಹಣವಿಲ್ಲದೆ ಹಿಂದಿರುಗಿದ ಪ್ರತಿಯೊಂದು ಕಡಿತಕ್ಕೂ ಬ್ಯಾಂಕು ತನ್ನ ದರಪಟ್ಟಿಯಂತೆ ಬೌನ್ಸ್ ಶುಲ್ಕವನ್ನು ಜಿಎಸ್‌ಟಿ ಸಹಿತವಾಗಿ ಹಾಕುತ್ತದೆ. ಖಾತೆಗೆ ಮುಂದೆ ಹಣ ಬಂದೊಡನೆ ಅದು ವಸೂಲಾಗುತ್ತದೆ. ತೀರಿಹೋದ ಸಾಲಕ್ಕಾಗಿ ಹೀಗೆ ದಂಡ ತೆರುವುದಕ್ಕಿಂತ ಒಂದು ಪುಟದ ಪತ್ರ ಬರೆಯುವುದು ಸುಲಭ.

ರದ್ದತಿ ಮತ್ತು ಋಣ

ಮ್ಯಾಂಡೇಟು ರದ್ದಾದರೆ ಕಡಿತದ ಅನುಮತಿ ಮಾತ್ರ ಕೊನೆಗಾಣುವುದೇ ಹೊರತು ಅದರ ಹಿಂದಿನ ಋಣ ಕೊನೆಗಾಣುವುದಿಲ್ಲ. ಸಾಲ ಬಾಕಿಯಿರುವಾಗಲೇ ರದ್ದುಮಾಡಿದವನು ಕಂತನ್ನು ಬೇರೆ ದಾರಿಯಿಂದ ಕಟ್ಟಲೇಬೇಕು; ತಪ್ಪಿದರೆ ಕರಾರಿನಂತೆ ದಂಡವೂ ಸಾಲದ ಇತಿಹಾಸದಲ್ಲಿ ಕಪ್ಪುಗುರುತೂ ಸಲ್ಲುತ್ತವೆ. ವಿಮೆಯ ಪ್ರೀಮಿಯಂ ನಿಂತರೆ, ರಿಯಾಯಿತಿ ದಿನಗಳು ಕಳೆದ ಮೇಲೆ ಪಾಲಿಸಿ ನಿಷ್ಕ್ರಿಯವಾಗುತ್ತದೆ. ಇನ್ನು ಕೊಡಬೇಕಾದ ಹಣಕ್ಕಾಗಿ ಬಂದ ವಿದ್ಯುನ್ಮಾನ ಕಡಿತವು ಖಾತೆಯಲ್ಲಿ ಹಣ ಸಾಲದೆ ಹಿಂದಿರುಗಿದರೆ, 2007ರ ಪಾವತಿ ಮತ್ತು ತೀರುವಳಿ ವ್ಯವಸ್ಥೆಗಳ ಅಧಿನಿಯಮದ 25ನೆಯ ಪ್ರಕರಣವು, ಚೆಕ್ ಬೌನ್ಸಿನ ಕಾನೂನಿನ ಮಾದರಿಯಲ್ಲಿಯೇ, ಎರಡು ವರ್ಷಗಳ ವರೆಗಿನ ಸೆರೆವಾಸ ಅಥವಾ ಮೊತ್ತದ ಎರಡರಷ್ಟರ ವರೆಗಿನ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಲು ಎಡೆಗೊಡುತ್ತದೆ. ಹಣ ಪಡೆಯಬೇಕಾದವನು ನೋಟೀಸು ಕೊಟ್ಟು 15 ದಿನಗಳಲ್ಲಿ ಪಾವತಿಯಾಗದಿದ್ದರೆ ಮಾತ್ರ ಇದು ಅನ್ವಯಿಸುತ್ತದೆ. ಪತ್ರದಲ್ಲಿ ಸಾಲ ತೀರಿದ ಸಂಗತಿಯನ್ನು ತಿಳಿಸಿ ಎನ್‌ಒಸಿಯನ್ನು ಲಗತ್ತಿಸುವುದು ಬ್ಯಾಂಕಿನ ಅನುಮಾನವನ್ನು ನೀಗಿಸಲೆಂದು ಮಾತ್ರವಲ್ಲ, ಮುಂದೆ ಇಂತಹ ವಿವಾದವೇನಾದರೂ ಎದ್ದರೆ ಅದಕ್ಕೆ ಉತ್ತರವಾಗಿಯೂ ಒದಗಲೆಂದು.

ಬ್ಯಾಂಕಿನ ಹೊಣೆ ಮತ್ತು ದೂರು

ರದ್ದತಿಯ ಕೋರಿಕೆ ತಲುಪಿದ ಮೇಲೂ ಹಣ ಕಡಿತವಾದರೆ ಹೊಣೆ ಯಾರದೆಂಬುದನ್ನು ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಗ್ರಾಹಕನು ತನ್ನ ಬ್ಯಾಂಕಿನಲ್ಲಿ ಮ್ಯಾಂಡೇಟನ್ನು ಹಿಂತೆಗೆದುಕೊಂಡ ಅನಂತರ ನಡೆದ ನ್ಯಾಚ್ ಕಡಿತಕ್ಕೆ ಆ ಬ್ಯಾಂಕೇ ಹೊಣೆ. ಕಡಿತದ ಮರುದಿನದೊಳಗೆ ಅದನ್ನು ಸರಿಪಡಿಸಬೇಕು. ತಡವಾದರೆ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಮೇಲಿನ ಉದಾಹರಣೆಯಲ್ಲಿ ಜುಲೈ 5ರಂದು 3,400 ರೂಪಾಯಿ ಕಡಿತವಾಯಿತೆಂದಿಟ್ಟುಕೊಂಡರೆ, ಜುಲೈ 6ರೊಳಗೆ ಅದು ಖಾತೆಗೆ ಮರಳಬೇಕಾಗಿತ್ತು. ಜುಲೈ 16ರಂದು ಮರಳಿದರೆ ತಡವಾದ ಹತ್ತು ದಿನಗಳಿಗೆ 1,000 ರೂಪಾಯಿ ಪರಿಹಾರ ಸಲ್ಲುತ್ತದೆ. ಕೋರಿಕೆಯನ್ನು ಕಂಪನಿಗೆ ಮಾತ್ರ ಕೊಟ್ಟು ಬ್ಯಾಂಕಿಗೆ ತಿಳಿಸದಿದ್ದವನು ಈ ನಿಯಮದ ನೆರವನ್ನು ಬ್ಯಾಂಕಿನ ವಿರುದ್ಧ ಕೇಳಲಾರನು. ಎರಡೂ ಕಡೆಗೆ ಬರೆಯಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಬ್ಯಾಂಕು ಸ್ಪಂದಿಸದಿದ್ದಲ್ಲಿ ಮೊದಲು ಅದರ ದೂರು ವಿಭಾಗಕ್ಕೆ ಲಿಖಿತವಾಗಿ ದೂರು ಕೊಡಬೇಕು. 30 ದಿನಗಳೊಳಗೆ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಾಗಿರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರ ಮುಂದೆ `cms.rbi.org.in` ಎಂಬ ಜಾಲತಾಣದ ಮೂಲಕ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮೊದಲು ಬ್ಯಾಂಕಿಗೇ ದೂರು ಕೊಟ್ಟಿರದ ಅರ್ಜಿ ಅಲ್ಲಿ ಅಂಗೀಕಾರವಾಗದು. ಆ ಹಂತದಲ್ಲಿ ವಿಚಾರಣೆ ನಡೆಯುವುದು ಕಾಗದಗಳ ಆಧಾರದ ಮೇಲೆಯೇ. ಆದುದರಿಂದ ಮೊಹರಿನ ದಿನಾಂಕವಿರುವ ರದ್ದತಿ ಪತ್ರದ ಪ್ರತಿ, ಅನಂತರದ ಕಡಿತ ಕಾಣುವ ಪಾಸ್‌ಬುಕ್ ಪುಟ, ಬ್ಯಾಂಕಿಗೆ ಕೊಟ್ಟ ದೂರಿನ ಸಂಖ್ಯೆ ಇವು ಮೂರನ್ನೂ, ಮ್ಯಾಂಡೇಟಿನಲ್ಲಿ ನಮೂದಾದ ಕೊನೆಯ ದಿನಾಂಕ ಕಳೆಯುವ ವರೆಗೆ ಕಾಯ್ದಿರಿಸತಕ್ಕದ್ದು.